ಪಲ್ಸ್ ಕೋಡ್ ಮಾಡ್ಯುಲೇಷನ್ ಕೈಲೆಕ್ಕದಲ್ಲಿ: ಒಂದು ಸ್ವರ ಎಂಟು ಬೈಟ್‌ಗಳಾಗುವ ಬಗೆ

ಡಿಜಿಟಲ್ ದೂರವಾಣಿ ಜಾಲವನ್ನು ಪರೀಕ್ಷಿಸುವವರಿಗೆ ಒಂದು ಬೈಟ್ ಸರಣಿ ಚೆನ್ನಾಗಿ ಪರಿಚಿತ. ಹೆಕ್ಸಾಡೆಸಿಮಲ್‌ನಲ್ಲಿ ಅದು ಹೀಗಿದೆ:

```
34 21 21 34 B4 A1 A1 B4
```

ಈ ಎಂಟು ಬೈಟ್‌ಗಳನ್ನು ಒಂದರ ಹಿಂದೊಂದರಂತೆ ಮತ್ತೆ ಮತ್ತೆ ಕಳಿಸಿದರೆ, ತಂತಿಯ ಆ ತುದಿಯಲ್ಲಿ 1000 ಹರ್ಟ್ಜ್‌ನ ಶುದ್ಧ ಸ್ವರವೊಂದು ನಿಗದಿತ ಮಟ್ಟದಲ್ಲಿ ಕೇಳಿಸುತ್ತದೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.711 ಶಿಫಾರಸಿನಲ್ಲಿ ಎ-ಲಾ ಸಂಕೇತಕ್ಕೆ ಕೊಟ್ಟಿರುವ ಪ್ರಮಾಣ ಸರಣಿ ಇದು. ಧ್ವನಿಯ ಅಲೆಯನ್ನು ಕ್ಷಣಕ್ಷಣಕ್ಕೂ ಅಳೆದು ಅಂಕೆಗಳಾಗಿ ಬರೆಯುವ ಪಲ್ಸ್ ಕೋಡ್ ಮಾಡ್ಯುಲೇಷನ್, ಅಂದರೆ ಪಿಸಿಎಂ, ಎಂಬ ವಿಧಾನವನ್ನು ಅರಿಯಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ಸ್ವರದಿಂದ ಹೊರಟು, ಕಾಗದ ಮತ್ತು ಪೆನ್ಸಿಲಿನಿಂದಲೇ ಈ ಎಂಟು ಬೈಟ್‌ಗಳನ್ನು ತಲುಪಬಹುದು. ತಲುಪಿದರೆ ಲೆಕ್ಕ ಸರಿ. ತಲುಪದಿದ್ದರೆ ಯಾವ ಹಂತದಲ್ಲಿ ತಪ್ಪಿತು ಎಂಬುದೂ ಅಲ್ಲೇ ತಿಳಿಯುತ್ತದೆ. ಎರಡರ ಘಾತಗಳು ಮತ್ತು ಸೈನ್ ಕೋಷ್ಟಕ ಗೊತ್ತಿದ್ದರೆ ಸಾಕು.

ಪಿಸಿಎಂ ಹಳೆಯ ವಿಧಾನ. ಅಲೆಕ್ ರೀವ್ಸ್ ಎಂಬ ಇಂಗ್ಲಿಷ್ ಎಂಜಿನಿಯರ್ ಪ್ಯಾರಿಸ್‌ನಲ್ಲಿ ಕೆಲಸ ಮಾಡುತ್ತಿದ್ದಾಗ, 1937ರಲ್ಲಿ ಇದನ್ನು ರೂಪಿಸಿದರು. ಆಗಿನ ನಿರ್ವಾತ ಕೊಳವೆಗಳಿಂದ ಇದನ್ನು ಅಗ್ಗವಾಗಿ ಕಟ್ಟುವುದು ಸಾಧ್ಯವಿರಲಿಲ್ಲ. ಟ್ರಾನ್ಸಿಸ್ಟರ್ ಬಂದ ಮೇಲೆ, 1962ರಲ್ಲಿ, ಅಮೆರಿಕದ ಬೆಲ್ ಸಂಸ್ಥೆಯ ಟಿ1 ವ್ಯವಸ್ಥೆಯ ಮೂಲಕ ಇದು ಸಾರ್ವಜನಿಕ ದೂರವಾಣಿಗೆ ಇಳಿಯಿತು. ಅಮೆರಿಕ ಮತ್ತು ಜಪಾನ್ ಮ್ಯೂ-ಲಾ ಎಂಬ ಸಂಕೇತವನ್ನು ಬಳಸುತ್ತವೆ. ಯೂರೋಪ್ ಮತ್ತು ಭಾರತದಲ್ಲಿರುವುದು ಎ-ಲಾ. ಸಿ-ಡಾಟ್ ಸಂಸ್ಥೆಯ ಮೊದಲ ಗ್ರಾಮೀಣ ಡಿಜಿಟಲ್ ವಿನಿಮಯ ಕೇಂದ್ರ 1986ರಲ್ಲಿ ಆರಂಭವಾದದ್ದು ನಮ್ಮ ಕಿತ್ತೂರಿನಲ್ಲಿ. ಮುಂದಿನ ಲೆಕ್ಕವೆಲ್ಲ ಎ-ಲಾ ಕುರಿತದ್ದೇ.

## ಹಂತ 1: ಮೊದಲು ಸೋಸಬೇಕು

ಮಾದರಿ ತೆಗೆಯುವ, ಅಂದರೆ ಅಲೆಯ ಎತ್ತರವನ್ನು ನಿಗದಿತ ಕ್ಷಣಗಳಲ್ಲಿ ಅಳೆಯುವ, ಮೊದಲೇ ಧ್ವನಿಯ ಆವರ್ತನ ವ್ಯಾಪ್ತಿಯನ್ನು ಕಡಿತಗೊಳಿಸಬೇಕು. ದೂರವಾಣಿಯಲ್ಲಿ ಉಳಿಸಿಕೊಳ್ಳುವುದು 300ರಿಂದ 3400 ಹರ್ಟ್ಜ್‌ವರೆಗಿನ ಭಾಗವನ್ನು ಮಾತ್ರ. ಮಾದರಿಗಳನ್ನು ತೆಗೆಯುವ ದರ ಸೆಕೆಂಡಿಗೆ 8000. ಹೀಗೆ ತೆಗೆದ ಮಾದರಿಗಳು ಈ ದರದ ಅರ್ಧದವರೆಗಿನ, ಅಂದರೆ 4000 ಹರ್ಟ್ಜ್‌ಗಿಂತ ಕೆಳಗಿನ ಆವರ್ತನಗಳನ್ನು ಮಾತ್ರ ನಿಸ್ಸಂದಿಗ್ಧವಾಗಿ ಹೇಳಬಲ್ಲವು. 3400ಕ್ಕೂ 4000ಕ್ಕೂ ನಡುವಿನ 600 ಹರ್ಟ್ಜ್ ಅಂತರವನ್ನು ಶೋಧಕಕ್ಕಾಗಿ ಬಿಡಲಾಗಿದೆ, ಏಕೆಂದರೆ ಯಾವ ಶೋಧಕವೂ ಒಂದು ಆವರ್ತನವನ್ನು ಪೂರ್ತಿ ದಾಟಿಸಿ ಅದರ ಪಕ್ಕದ ಆವರ್ತನವನ್ನು ಪೂರ್ತಿ ತಡೆಯಲಾರದು.

ಸೋಸದೆ ಮುಂದುವರಿದರೆ ಏನಾಗುತ್ತದೆ? 5000 ಹರ್ಟ್ಜ್‌ನ ಅಂಶವೊಂದು ಒಳಗೆ ನುಸುಳಿತೆಂದು ಇಟ್ಟುಕೊಳ್ಳೋಣ. ಸೆಕೆಂಡಿಗೆ 8000ರಂತೆ ತೆಗೆದ ಮಾದರಿಗಳಲ್ಲಿ ಅದು 8000 − 5000, ಅಂದರೆ 3000 ಹರ್ಟ್ಜ್‌ನ ಸ್ವರದ ರೂಪವನ್ನು ತಾಳುತ್ತದೆ. ಆ ಮಾದರಿಗಳಿಗೂ ನಿಜವಾದ 3000 ಹರ್ಟ್ಜ್ ಸ್ವರದ ಮಾದರಿಗಳಿಗೂ ಆವರ್ತನದ ದೃಷ್ಟಿಯಿಂದ ಯಾವ ವ್ಯತ್ಯಾಸವೂ ಉಳಿಯುವುದಿಲ್ಲ. ಆದ್ದರಿಂದ ಈ ತಪ್ಪನ್ನು ಮುಂದೆ ಯಾವ ಹಂತದಲ್ಲೂ ತಿದ್ದಲಾಗದು.

ಹಿಂದೆ ಈ ಶೋಧಕವು ಧ್ವನಿಯನ್ನು ಸಂಕೇತಕ್ಕೂ ಸಂಕೇತವನ್ನು ಧ್ವನಿಗೂ ತಿರುಗಿಸುವ ಕೋಡೆಕ್ ಚಿಪ್‌ನೊಳಗೇ ಇರುತ್ತಿದ್ದುದರಿಂದ ಅದನ್ನು ಮರೆಯುವ ಪ್ರಶ್ನೆಯೇ ಬರುತ್ತಿರಲಿಲ್ಲ. ಈಗ ಈ ತಪ್ಪು ಬೇರೆ ದಾರಿಯಿಂದ ಬರುತ್ತದೆ. ಸೆಕೆಂಡಿಗೆ 48000 ಮಾದರಿಗಳಲ್ಲಿ ಮುದ್ರಿಸಿಕೊಂಡ ಮಾತನ್ನು 8000ಕ್ಕೆ ಇಳಿಸಬೇಕಾದಾಗ, ಪ್ರತಿ ಆರನೆಯ ಮಾದರಿಯನ್ನು ಇಟ್ಟುಕೊಂಡು ಉಳಿದವನ್ನು ಬಿಟ್ಟರೆ ಸಾಕೆಂದು ಪ್ರೋಗ್ರಾಂ ಬರೆಯುವವರು ಭಾವಿಸುತ್ತಾರೆ. ಮೊದಲು ಸೋಸಿ ಆಮೇಲೆ ಬಿಡಬೇಕು. ಬಿಟ್ಟುಹೋದ ಶೋಧಕವನ್ನು ಕಿವಿಯಿಂದಲೇ ಗುರುತಿಸಬಹುದು. ಸ, ಶ ಮುಂತಾದ ಊಷ್ಮ ವ್ಯಂಜನಗಳ ಶಕ್ತಿಯ ದೊಡ್ಡ ಪಾಲು 4000 ಹರ್ಟ್ಜ್‌ಗಿಂತ ಮೇಲಿರುವುದರಿಂದ, ಅದೆಲ್ಲ ಕೆಳಕ್ಕೆ ಮಡಚಿಕೊಂಡು ಬಂದು, ಸಕಾರವಿರುವ ಕಡೆಯಲ್ಲೆಲ್ಲ ಒರಟಾದ, ಲೋಹ ಉಜ್ಜಿದಂತಹ ಸದ್ದು ಕೇಳಿಸುತ್ತದೆ. ಸ್ವರಾಕ್ಷರಗಳು ಮಾತ್ರ ಹೆಚ್ಚುಕಡಿಮೆ ಸರಿಯಾಗಿಯೇ ಇರುತ್ತವೆ. ಸರಿಯಾಗಿ ಸೋಸಿದಾಗ ಸಕಾರ ಮಂಕಾಗುತ್ತದೆ, ಒರಟಾಗುವುದಿಲ್ಲ. ಫೋನಿನಲ್ಲಿ ಅಪರಿಚಿತ ಹೆಸರನ್ನು ಹೇಳುವಾಗ ‘ಸ’ವೋ ‘ಫ’ವೋ ಎಂದು ಮತ್ತೊಮ್ಮೆ ಕೇಳಬೇಕಾಗಿ ಬರುವುದು ಈ ಮಂಕಿನಿಂದ. ಅದು 3400ರ ಮಿತಿಗೆ ನಾವು ತೆರುವ ಬೆಲೆ.

ಸಿದ್ಧ ಸಾಧನವನ್ನು ಬಳಸುವವರಿಗೆ ಕೆಳಗಿನ ಆಜ್ಞೆ ಸೋಸುವುದು, ದರ ಇಳಿಸುವುದು ಮತ್ತು ಎ-ಲಾ ಸಂಕೇತಕ್ಕೆ ತರುವುದು ಈ ಮೂರನ್ನೂ ಒಟ್ಟಿಗೆ ಮಾಡುತ್ತದೆ. ಎರಡನೆಯ ಸಾಲು ಫಲಿತಾಂಶದ ಬೈಟ್‌ಗಳನ್ನು ಕಣ್ಣಿಗೆ ತೋರಿಸುತ್ತದೆ.

```
ffmpeg -i in.wav -ar 8000 -ac 1 -f alaw out.al
xxd out.al | head
```

## ಹಂತ 2: ಮಾದರಿ ತೆಗೆಯುವುದು

ಸೆಕೆಂಡಿಗೆ 8000 ಮಾದರಿಗಳೆಂದರೆ ಪ್ರತಿ 125 ಮೈಕ್ರೋಸೆಕೆಂಡಿಗೆ ಒಂದು. ನಮ್ಮ 1000 ಹರ್ಟ್ಜ್ ಸ್ವರದ ಒಂದು ಆವರ್ತ ಒಂದು ಮಿಲಿಸೆಕೆಂಡ್ ಹಿಡಿಯುವುದರಿಂದ, ಪ್ರತಿ ಆವರ್ತದಲ್ಲಿ ಸರಿಯಾಗಿ ಎಂಟು ಮಾದರಿಗಳು ಸಿಗುತ್ತವೆ ಮತ್ತು ಒಂದಕ್ಕೂ ಮುಂದಿನದಕ್ಕೂ 45 ಡಿಗ್ರಿ ಅಂತರವಿರುತ್ತದೆ. ಮೊದಲ ಮಾದರಿಯನ್ನು ಸೊನ್ನೆಯ ಮೇಲೆ ತೆಗೆಯದೆ 22.5 ಡಿಗ್ರಿಯಲ್ಲಿ ತೆಗೆದರೆ ಎಂಟೂ ಮಾದರಿಗಳು ಸಮ್ಮಿತಿಯಿಂದ ಕೂರುತ್ತವೆ. ಆಗ ನಮಗೆ ಬೇಕಾಗುವ ಸೈನ್ ಬೆಲೆಗಳು ಎರಡೇ: 22.5 ಡಿಗ್ರಿಗೆ 0.3827 ಮತ್ತು 67.5 ಡಿಗ್ರಿಗೆ 0.9239.

ಇನ್ನು ಅಳತೆಗೋಲು ಬೇಕು. ಕೋಡೆಕ್ ತಾಳಿಕೊಳ್ಳಬಲ್ಲ ಅತಿ ದೊಡ್ಡ ಎತ್ತರವನ್ನು 4096 ಮಾನಗಳು ಎಂದು ಕರೆಯೋಣ, ಜಿ.711ರ ಎ-ಲಾ ಕೋಷ್ಟಕವೂ ಇದೇ ಮಾನದಲ್ಲಿದೆ. ಇಷ್ಟು ಎತ್ತರದ ಶುದ್ಧ ಸ್ವರ, ಪ್ರಮಾಣ ಪರೀಕ್ಷಾ ಸ್ವರಕ್ಕಿಂತ 3.14 ಡೆಸಿಬೆಲ್ ಮೇಲಿರುತ್ತದೆ ಎಂದು ನಿಗದಿಯಾಗಿದೆ. ನಮಗೆ ಬೇಕಾದದ್ದು ಪ್ರಮಾಣ ಸ್ವರ. 3.14 ಡೆಸಿಬೆಲ್ ಎಂದರೆ ಎತ್ತರದಲ್ಲಿ 1.4355 ಪಟ್ಟು. 4096ನ್ನು ಅದರಿಂದ ಭಾಗಿಸಿದರೆ ನಮ್ಮ ಸ್ವರದ ಶಿಖರ 2853 ಮಾನಗಳು ಎಂದಾಗುತ್ತದೆ.

2853ನ್ನು 0.3827ರಿಂದ ಗುಣಿಸಿದರೆ 1092, 0.9239ರಿಂದ ಗುಣಿಸಿದರೆ 2636. ಪ್ರಮಾಣ ಸರಣಿ ಅಲೆಯ ಋಣ ಭಾಗದಿಂದ ಆರಂಭವಾಗುವುದರಿಂದ ನಮ್ಮ ಎಂಟು ಮಾದರಿಗಳು ಹೀಗಿವೆ:

```
-1092  -2636  -2636  -1092  +1092  +2636  +2636  +1092
```

## ಹಂತ 3: ಸಮಾನ ಮೆಟ್ಟಿಲುಗಳು ಏಕೆ ಸಾಲವು

ಮಾದರಿಯ ಬೆಲೆ ಏನು ಬೇಕಾದರೂ ಆಗಿರಬಹುದು. ಅದನ್ನು ಕಳಿಸಲು ನಮ್ಮ ಬಳಿ ಇರುವುದು ಎಂಟು ಬಿಟ್, ಅಂದರೆ 256 ಸಂಕೇತಗಳು. ಆದ್ದರಿಂದ ವ್ಯಾಪ್ತಿಯನ್ನು 256 ಮೆಟ್ಟಿಲುಗಳಾಗಿ ವಿಂಗಡಿಸಿ, ಮಾದರಿ ಯಾವ ಮೆಟ್ಟಿಲಿನಲ್ಲಿ ಬಿದ್ದಿತೋ ಅದರ ನಡುಬೆಲೆಯನ್ನೇ ಮಾದರಿಯ ಬೆಲೆಯೆಂದು ಒಪ್ಪಿಕೊಳ್ಳುತ್ತೇವೆ. ಇದೇ ಕ್ವಾಂಟೀಕರಣ. ನಿಜ ಬೆಲೆಗೂ ನಡುಬೆಲೆಗೂ ಇರುವ ವ್ಯತ್ಯಾಸ ಕೇಳುಗನ ಕಿವಿಗೆ ಗೊರಗೊರ ಸದ್ದಾಗಿ ತಲುಪುತ್ತದೆ. ಅದನ್ನು ಕ್ವಾಂಟೀಕರಣ ಗದ್ದಲ ಎನ್ನುತ್ತಾರೆ.

ಮೊದಲು ಎಲ್ಲ ಮೆಟ್ಟಿಲುಗಳನ್ನೂ ಒಂದೇ ಅಳತೆಯಲ್ಲಿ ಮಾಡಿ ನೋಡೋಣ. −4096ರಿಂದ +4096ರವರೆಗಿನ 8192 ಮಾನಗಳನ್ನು 256ರಿಂದ ಭಾಗಿಸಿದರೆ ಪ್ರತಿ ಮೆಟ್ಟಿಲಿಗೆ 32 ಮಾನಗಳು ಬರುತ್ತವೆ. ನಮ್ಮ ಪ್ರಮಾಣ ಸ್ವರಕ್ಕೆ ಇದು ಬಹಳ ಚೆನ್ನಾಗಿ ಒಗ್ಗುತ್ತದೆ. ಮೆಟ್ಟಿಲಿನೊಳಗೆ ಎಲ್ಲಿ ಬೇಕಾದರೂ ಬೀಳಬಹುದಾದ ದೋಷದ ಪರಿಣಾಮಕಾರಿ ಬೆಲೆ, ಅಂದರೆ ವರ್ಗಗಳ ಸರಾಸರಿಯ ವರ್ಗಮೂಲ, 32ನ್ನು 12ರ ವರ್ಗಮೂಲದಿಂದ ಭಾಗಿಸಿದಷ್ಟು, ಅಂದರೆ ಸುಮಾರು 9.2 ಮಾನಗಳು. ಸ್ವರದ ಪರಿಣಾಮಕಾರಿ ಬೆಲೆ 2017. ಎರಡರ ಅನುಪಾತ ಸುಮಾರು 47 ಡೆಸಿಬೆಲ್. ಇಷ್ಟಿದ್ದರೆ ಗದ್ದಲ ಕೇಳಿಸುವುದೇ ಇಲ್ಲ ಎನ್ನಬಹುದು.

ಆದರೆ ಮಾತು ಒಂದೇ ಎತ್ತರದಲ್ಲಿ ಇರುವಂಥದ್ದಲ್ಲ. ಒಂದೇ ಪದದೊಳಗೆ ಬಾಯ್ತೆರೆದು ಹೇಳುವ ‘ಆ’ಕಾರಕ್ಕೂ ತುಟಿಯಂಚಿನ ವ್ಯಂಜನಕ್ಕೂ ಭಾರಿ ಅಂತರವಿರುತ್ತದೆ. ಅದರ ಮೇಲೆ ಮೆಲುದನಿಯವರು, ಗಟ್ಟಿ ದನಿಯವರು, ಹತ್ತಿರದ ಸಂಪರ್ಕ, ದೂರದ ಸಂಪರ್ಕ ಎಂಬ ವ್ಯತ್ಯಾಸಗಳೂ ಸೇರುತ್ತವೆ. ಹಾಗಾಗಿ ನಮ್ಮ ಸ್ವರವನ್ನೇ 40 ಡೆಸಿಬೆಲ್ ತಗ್ಗಿಸಿ ನೋಡೋಣ. ಶಿಖರ ನೂರನೆಯ ಒಂದು ಭಾಗಕ್ಕೆ, ಅಂದರೆ 28.5 ಮಾನಗಳಿಗೆ ಇಳಿಯಿತು. ಮೆಟ್ಟಿಲಿನ ಅಗಲವೇ 32. ಅಲೆಯ ಧನ ಭಾಗವಿಡೀ ಒಂದೇ ಮೆಟ್ಟಿಲಿನೊಳಗೆ ಬಿದ್ದು +16 ಆಗುತ್ತದೆ; ಋಣ ಭಾಗವಿಡೀ −16 ಆಗುತ್ತದೆ. ನಯವಾಗಿದ್ದ ಸೈನ್ ಅಲೆ ಚೌಕ ಅಲೆಯಾಗಿ ಹೊರಬರುತ್ತದೆ. ಇನ್ನೂ ಸ್ವಲ್ಪ ತಗ್ಗಿಸಿದರೂ ಅದೇ ±16. ಮೆಲುದನಿಯ ಏರಿಳಿತವೇ ಅಳಿಸಿಹೋಗುತ್ತದೆ. ಗಟ್ಟಿ ಮಾತಿಗೆ ಬೇಕಾದ್ದಕ್ಕಿಂತ ಹೆಚ್ಚಿನ ನಿಖರತೆ, ಮೆಲು ಮಾತಿಗೆ ನಿಖರತೆಯೇ ಇಲ್ಲ ಎಂಬ ಈ ಅಸಮತೋಲನವೇ ಕಂಪ್ಯಾಂಡಿಂಗ್ ಹುಟ್ಟಲು ಕಾರಣ.

ಬಿಟ್‌ಗಳನ್ನು ಹೆಚ್ಚಿಸುವುದು ಒಂದು ಪರಿಹಾರ. ಮೆಟ್ಟಿಲನ್ನು 2 ಮಾನಗಳಿಗೆ ಇಳಿಸಿದರೆ ಮೆಲುದನಿ ಉಳಿದುಕೊಳ್ಳುತ್ತದೆ; ಆದರೆ ಆಗ 4096 ಮೆಟ್ಟಿಲುಗಳು, ಅಂದರೆ ಹನ್ನೆರಡು ಬಿಟ್‌ಗಳು ಬೇಕು. ಪ್ರತಿ ಮಾತುಕತೆಗೆ ಸೆಕೆಂಡಿಗೆ 64 ಕಿಲೋಬಿಟ್ ಬದಲು 96 ಕಿಲೋಬಿಟ್ ಸಾಗಿಸಬೇಕು. ಒಂದೇ ತಂತಿಯಲ್ಲಿ ಮೂವತ್ತು ಮಾತುಕತೆಗಳನ್ನು ಕೂಡಿಸಿ ಕಳಿಸುವ ಜಾಲದಲ್ಲಿ ಅದು ಹತ್ತು ಮಾತುಕತೆಗಳನ್ನು ಕೈಬಿಟ್ಟಷ್ಟಕ್ಕೆ ಸಮ.

## ಹಂತ 4: ಕಂಪ್ಯಾಂಡಿಂಗ್

ಅಕ್ಕಸಾಲಿಗನಿಗೆ ಮಿಲಿಗ್ರಾಂ ಮುಖ್ಯ. ಅಕ್ಕಿ ಮೂಟೆ ತೂಗುವವನಿಗೆ ಐವತ್ತು ಗ್ರಾಂ ಹೆಚ್ಚುಕಡಿಮೆಯಾದರೂ ನಷ್ಟವಿಲ್ಲ. ಕಿವಿಯೂ ಹಾಗೆಯೇ ಅಳೆಯುತ್ತದೆ: ಗಟ್ಟಿ ದನಿಯ ಜೊತೆಗಿರುವ ಗದ್ದಲವನ್ನು ಆ ದನಿಯೇ ಮುಚ್ಚಿಬಿಡುತ್ತದೆ, ಮೆಲುದನಿಯ ಜೊತೆಗಿರುವ ಅಷ್ಟೇ ಗದ್ದಲ ಮಾತನ್ನೇ ನುಂಗುತ್ತದೆ. ಆದ್ದರಿಂದ ಮೆಟ್ಟಿಲಿನ ಅಗಲ ಮಾದರಿಯ ಎತ್ತರಕ್ಕೆ ಅನುಪಾತದಲ್ಲಿರಬೇಕು. ಕಳಿಸುವ ತುದಿಯಲ್ಲಿ ದೊಡ್ಡ ಬೆಲೆಗಳನ್ನು ಒತ್ತಿ ಕುಗ್ಗಿಸಿ, ಪಡೆಯುವ ತುದಿಯಲ್ಲಿ ಅಷ್ಟೇ ಹಿಗ್ಗಿಸುವ ಈ ಜೋಡಿ ಕ್ರಿಯೆಗೆ ಕಂಪ್ಯಾಂಡಿಂಗ್ ಎಂದು ಹೆಸರು.

ಗಣಿತದಲ್ಲಿ ಎ-ಲಾ ರೇಖೆಯನ್ನು ಹೀಗೆ ಬರೆಯುತ್ತಾರೆ. ಇಲ್ಲಿ `x` ಎಂದರೆ ಗರಿಷ್ಠ ಎತ್ತರವನ್ನು 1 ಎಂದಿಟ್ಟುಕೊಂಡಾಗ ಮಾದರಿಯ ಬೆಲೆ, `A` ಬೆಲೆ 87.6.

```
y = A·x / (1 + ln A)           0 ≤ x ≤ 1/A
y = (1 + ln(A·x)) / (1 + ln A)   1/A ≤ x ≤ 1
```

ಶುದ್ಧ ಲಾಗರಿದಮ್ ರೇಖೆ ಸೊನ್ನೆಯ ಬಳಿ ಪಾತಾಳಕ್ಕಿಳಿಯುವುದರಿಂದ, ಸೊನ್ನೆಯ ಸಮೀಪದಲ್ಲಿ ಅದರ ಬದಲು ಸರಳರೇಖೆಯನ್ನು ಜೋಡಿಸಲಾಗಿದೆ. 87.6 ಎಂಬ ವಿಚಿತ್ರ ಸಂಖ್ಯೆಗೂ ಅರ್ಥವಿದೆ. ಆ ಸರಳರೇಖೆಯ ಇಳಿಜಾರನ್ನು ಲೆಕ್ಕ ಹಾಕಿ: 87.6ರ ಸ್ವಾಭಾವಿಕ ಲಾಗರಿದಮ್ 4.473; ಅದಕ್ಕೆ 1 ಸೇರಿಸಿ 87.6ನ್ನು ಭಾಗಿಸಿದರೆ ಬರುವುದು 16. ಅಂದರೆ ಮೆಲುದನಿಗೆ ಸಿಗುವ ಮೆಟ್ಟಿಲು ಸಮಾನ ಹಂಚಿಕೆಯ ಮೆಟ್ಟಿಲಿಗಿಂತ ಹದಿನಾರು ಪಟ್ಟು ಕಿರಿದು, 32ರ ಬದಲು 2. ಹದಿನಾರು ಎರಡರ ಘಾತವಾಗಿರುವುದರಿಂದಲೇ ಮುಂದಿನ ಹಂತವನ್ನು ಲಾಗರಿದಮ್ ಇಲ್ಲದೆ, ಬರೀ ಬಿಟ್‌ಗಳನ್ನು ಸರಿಸಿ ಮಾಡಬಹುದಾಗಿದೆ.

ನಿಜವಾದ ಕೋಡೆಕ್‌ಗಳು ಬಾಗಿದ ರೇಖೆಯನ್ನು ಬಳಸುವುದಿಲ್ಲ. ಅದಕ್ಕೆ ಹತ್ತಿರವಾದ ನೇರ ತುಂಡುಗಳನ್ನು ಬಳಸುತ್ತವೆ. ಧನ ಭಾಗದಲ್ಲಿ ಎಂಟು ಖಂಡಗಳು, ಋಣ ಭಾಗದಲ್ಲಿ ಎಂಟು. ಪ್ರತಿ ಖಂಡದಲ್ಲಿ ಹದಿನಾರು ಸಮಾನ ಮೆಟ್ಟಿಲುಗಳು.

| ಖಂಡ | ವ್ಯಾಪ್ತಿ | ಮೆಟ್ಟಿಲಿನ ಅಗಲ |
|---|---|---|
| 0 | 0–32 | 2 |
| 1 | 32–64 | 2 |
| 2 | 64–128 | 4 |
| 3 | 128–256 | 8 |
| 4 | 256–512 | 16 |
| 5 | 512–1024 | 32 |
| 6 | 1024–2048 | 64 |
| 7 | 2048–4096 | 128 |

ಮೊದಲೆರಡು ಖಂಡಗಳ ಮೆಟ್ಟಿಲು ಒಂದೇ ಅಳತೆಯದ್ದು. ಸರಳರೇಖೆಯ ಭಾಗವೇ ಅದು. ಧನ, ಋಣ ಎರಡೂ ಕಡೆಯ ಈ ನಾಲ್ಕು ತುಂಡುಗಳು ಒಂದೇ ನೇರದಲ್ಲಿ ಕೂಡಿಕೊಳ್ಳುವುದರಿಂದ ಹದಿನಾರರ ಬದಲು ಹದಿಮೂರು ತುಂಡುಗಳು ಮಾತ್ರ ಕಾಣುತ್ತವೆ. ಇದನ್ನು ಹದಿಮೂರು ಖಂಡಗಳ ರೇಖೆ ಎಂದು ಪಠ್ಯಗಳಲ್ಲಿ ಕರೆಯುವುದು ಅದಕ್ಕಾಗಿ. ಖಂಡ 1ರಿಂದ ಮುಂದೆ ವ್ಯಾಪ್ತಿಯೂ ಮೆಟ್ಟಿಲೂ ಒಟ್ಟಿಗೆ ಇಮ್ಮಡಿಯಾಗುತ್ತ ಹೋಗುವುದರಿಂದ, ದೋಷವು ಮಾದರಿಯ ಬೆಲೆಯ ಶೇಕಡಾ 3ರ ಆಸುಪಾಸನ್ನು ದಾಟುವುದಿಲ್ಲ. ಮಾದರಿ 2100 ಆದರೂ 140 ಆದರೂ ಈ ಶೇಕಡಾವಾರು ಮಿತಿ ಬದಲಾಗದು ಎಂಬುದೇ ಇದರ ಗುಣ.

ತಗ್ಗಿಸಿದ ಸ್ವರಕ್ಕೆ ಈಗ ಏನಾಯಿತು ನೋಡಿ. 28.5ರ ಶಿಖರ ಖಂಡ 0ರೊಳಗೆ ಬೀಳುತ್ತದೆ; ಅಲ್ಲಿ ಎರಡೆರಡು ಮಾನಗಳ ಹದಿನೈದು ಮೆಟ್ಟಿಲುಗಳನ್ನು ಅದು ಏರಿ ಇಳಿಯುತ್ತದೆ. ಗದ್ದಲದ ಪರಿಣಾಮಕಾರಿ ಬೆಲೆ 0.58 ಮಾನ, ಸ್ವರದ್ದು 20. ಅನುಪಾತ ಸುಮಾರು 31 ಡೆಸಿಬೆಲ್. ಚೌಕ ಅಲೆಯಾಗಿದ್ದುದು ಮತ್ತೆ ಸ್ವರವಾಯಿತು, ಅದೂ ಒಂದೇ ಒಂದು ಬಿಟ್ ಹೆಚ್ಚಿಸದೆ. ಇದಕ್ಕೆ ಬೆಲೆ ತೆತ್ತದ್ದು ಗಟ್ಟಿ ಸ್ವರ: ಅದರ ಅನುಪಾತ 47ರಿಂದ 40ರ ಕೆಳಕ್ಕೆ ಇಳಿಯಿತು. ದೂರವಾಣಿಯ ಮಾತಿಗೆ ಅಷ್ಟು ಧಾರಾಳವಾಗಿ ಸಾಕು. ಸಂಗೀತಕ್ಕೆ ಸಾಲದು, ಆದ್ದರಿಂದ ಈ ವಿಧಾನವನ್ನು ಸಂಗೀತ ಮುದ್ರಣಕ್ಕೆ ಬಳಸಬಾರದು.

## ಹಂತ 5: ಸಂಕೇತ ಬರೆಯುವುದು

ಎಂಟು ಬಿಟ್‌ಗಳ ಹಂಚಿಕೆ ಹೀಗಿದೆ: ಎಡತುದಿಯ ಒಂದು ಬಿಟ್ ಚಿಹ್ನೆಗೆ, ಮುಂದಿನ ಮೂರು ಖಂಡಕ್ಕೆ, ಕೊನೆಯ ನಾಲ್ಕು ಖಂಡದೊಳಗಿನ ಮೆಟ್ಟಿಲಿಗೆ. ಎ-ಲಾದಲ್ಲಿ ಧನ ಮಾದರಿಗೆ ಚಿಹ್ನೆಯ ಬಿಟ್ 1, ಋಣ ಮಾದರಿಗೆ 0. ಸಾಮಾನ್ಯ ಕಂಪ್ಯೂಟರ್ ಅಂಕಗಣಿತಕ್ಕೆ ಇದು ತಿರುಗುಮುರುಗು ಎಂಬುದನ್ನು ನೆನಪಿಡಬೇಕು.

ಮೊದಲ ಮಾದರಿ −1092. ಚಿಹ್ನೆ 0. ಎತ್ತರ 1092 ಇರುವುದು 1024ಕ್ಕೂ 2048ಕ್ಕೂ ನಡುವೆ, ಆದ್ದರಿಂದ ಖಂಡ 6, ಬಿಟ್‌ಗಳಲ್ಲಿ 110. ಖಂಡದ ಬುಡದಿಂದ 68 ಮಾನ ಮೇಲಿದೆ. ಮೆಟ್ಟಿಲು 64 ಮಾನದ್ದಾದುದರಿಂದ ಅದು ಮೆಟ್ಟಿಲು 1, ಬಿಟ್‌ಗಳಲ್ಲಿ 0001. ಮೂರನ್ನೂ ಕೂಡಿಸಿದರೆ 0110 0001, ಹೆಕ್ಸಾಡೆಸಿಮಲ್‌ನಲ್ಲಿ `61`.

ಎರಡನೆಯದು −2636. ಚಿಹ್ನೆ 0, ಖಂಡ 7. ಬುಡದಿಂದ 588 ಮಾನ ಮೇಲಿದೆ. 128ರಿಂದ ಭಾಗಿಸಿದರೆ ನಾಲ್ಕು ಪೂರ್ಣ ಮೆಟ್ಟಿಲುಗಳು ದಾಟುತ್ತವೆ, ಆದ್ದರಿಂದ ಮೆಟ್ಟಿಲು 4. ಸಂಕೇತ 0111 0100, ಅಂದರೆ `74`.

ಆದರೆ ನಮಗೆ ಬರಬೇಕಾದದ್ದು `34` ಮತ್ತು `21`. ಇನ್ನೊಂದು ಕೆಲಸ ಬಾಕಿಯಿದೆ. ಎ-ಲಾದಲ್ಲಿ ಬೈಟನ್ನು ತಂತಿಗೆ ಬಿಡುವ ಮೊದಲು ಒಂದು ಬಿಟ್ ಬಿಟ್ಟು ಒಂದನ್ನು, ಅಂದರೆ ಎಡದಿಂದ ಎಣಿಸಿದಾಗ 2, 4, 6, 8ನೆಯ ಬಿಟ್‌ಗಳನ್ನು, ತಲೆಕೆಳಗು ಮಾಡಬೇಕು. ಬೈಟನ್ನು `55` ಜೊತೆ ಎಕ್ಸ್‌ಕ್ಲೂಸಿವ್-ಆರ್ ಮಾಡುವುದೆಂದರೆ ಇದೇ. ಮಾತುಕತೆಯಲ್ಲಿ ಹೆಚ್ಚಿನ ಕಾಲ ಮೌನವಿರುತ್ತದೆ. ಮೌನದ ಸಂಕೇತಗಳು 1000 0000 ಅಥವಾ 0000 0000. ಸೊನ್ನೆಗಳ ಉದ್ದ ಸಾಲಿನಲ್ಲಿ ಏರಿಳಿತವೇ ಇಲ್ಲದಿರುವುದರಿಂದ, ತಂತಿಯ ಆ ತುದಿಯ ಉಪಕರಣ ತನ್ನ ಗಡಿಯಾರವನ್ನು ಸರಿಹೊಂದಿಸಿಕೊಳ್ಳಲು ಕಷ್ಟಪಡುತ್ತದೆ. ತಲೆಕೆಳಗು ಮಾಡಿದಾಗ ಮೌನವು 1101 0101 ಆಗುತ್ತದೆ, ಏರಿಳಿತ ತುಂಬಿದ ಬೈಟ್.

`61` ಮತ್ತು `55` ಸೇರಿ `34`. `74` ಮತ್ತು `55` ಸೇರಿ `21`. ಧನ ಮಾದರಿಗಳಲ್ಲಿ ಚಿಹ್ನೆಯ ಬಿಟ್ ಮಾತ್ರ ಬದಲಾಗುವುದರಿಂದ ಅವು `B4` ಮತ್ತು `A1`. ಹಂತ 2ರ ಕ್ರಮದಲ್ಲಿ ಬರೆದುಕೊಂಡರೆ ಪ್ರಮಾಣ ಸರಣಿ ಸಿದ್ಧ.

ಇದನ್ನೇ ಪೈಥಾನ್‌ನಲ್ಲಿ ಬರೆದರೆ:

```python
def encode(x):                  # -4095 .. +4095
    sign = 0x80 if x >= 0 else 0
    m = min(abs(x), 4095)
    seg = max(0, m.bit_length() - 5)
    step = (m >> max(1, seg)) & 15
    return (sign | seg << 4 | step) ^ 0x55

def decode(b):
    b ^= 0x55
    seg, k = (b >> 4) & 7, b & 15
    m = 2*k + 1 if seg == 0 else (2*k + 33) << (seg - 1)
    return m if b & 0x80 else -m
```

ಖಂಡವನ್ನು ಹುಡುಕಲು ಸಂಖ್ಯೆಯಲ್ಲಿ ಎಷ್ಟು ಬಿಟ್‌ಗಳಿವೆ ಎಂದು ಎಣಿಸಿದರೆ ಸಾಕು ಎಂಬುದನ್ನು ಗಮನಿಸಿ. ಇಲ್ಲಿ ಪೂರ್ಣ ಪ್ರಮಾಣ 4096. ಸಾಮಾನ್ಯ ಹದಿನಾರು ಬಿಟ್‌ನ ಧ್ವನಿ ಕಡತದ ಬೆಲೆಗಳನ್ನು ಮೊದಲು 8ರಿಂದ ಭಾಗಿಸಿ, ದಶಮಾಂಶವನ್ನು ಸೊನ್ನೆಯ ಕಡೆಗೆ ಕತ್ತರಿಸಿ, ಪೂರ್ಣಾಂಕವಾಗಿ ಕೊಡಬೇಕು.

## ಹಂತ 6: ಹಿಂದಕ್ಕೆ ಬಂದು ಪರೀಕ್ಷಿಸುವುದು

ಪಡೆಯುವ ತುದಿಯಲ್ಲಿ ಮೊದಲು `55`ರಿಂದ ತಲೆಕೆಳಗನ್ನು ಸರಿಪಡಿಸಿ, ಖಂಡ ಮತ್ತು ಮೆಟ್ಟಿಲನ್ನು ಬಿಡಿಸಿ, ಆ ಮೆಟ್ಟಿಲಿನ ನಡುಬೆಲೆಯನ್ನು ಹೊರಡಿಸಬೇಕು. `34`ರಿಂದ ಖಂಡ 6, ಮೆಟ್ಟಿಲು 1: ಅದು 1088ರಿಂದ 1152ರವರೆಗಿನದು, ನಡುಬೆಲೆ 1120. `21`ರಿಂದ ಖಂಡ 7, ಮೆಟ್ಟಿಲು 4: ಅದು 2560ರಿಂದ 2688ರವರೆಗಿನದು, ನಡುಬೆಲೆ 2624. ಕಳಿಸಿದ್ದು 1092 ಮತ್ತು 2636. ದೋಷ +28 ಮತ್ತು −12. ಸ್ವರಕ್ಕೂ ದೋಷಕ್ಕೂ ಇರುವ ಅನುಪಾತ ಸುಮಾರು 39 ಡೆಸಿಬೆಲ್ ಎಂದು ಲೆಕ್ಕ ಹಾಕಬಹುದು.

ಇನ್ನೊಂದು ಸೊಗಸಾದ ಸಂಗತಿಯಿದೆ. 1120 ಮತ್ತು 2624ರ ವರ್ಗಗಳ ಸರಾಸರಿ ತೆಗೆದು ವರ್ಗಮೂಲ ಹಿಡಿದರೆ 2017.4 ಬರುತ್ತದೆ. ಮೂಲ ಸ್ವರದ ಪರಿಣಾಮಕಾರಿ ಬೆಲೆ 2017.6. ಒಂದು ಬೆಲೆ ಹೆಚ್ಚಾಗಿ, ಇನ್ನೊಂದು ಕಡಿಮೆಯಾಗಿ, ಒಟ್ಟು ಶಕ್ತಿ ಹೆಚ್ಚುಕಡಿಮೆ ಕದಲದೆ ಉಳಿದಿದೆ. ಮಟ್ಟ ಅಳೆಯಲು ಈ ಸರಣಿಯನ್ನು ನಂಬಬಹುದಾದದ್ದು ಇದರಿಂದ.

## ತಪ್ಪುಗಳು ಮತ್ತು ಅವುಗಳ ಗುರುತು

ತಲೆಕೆಳಗು ಮಾಡುವುದನ್ನು ಒಂದು ತುದಿ ಮಾಡಿ ಇನ್ನೊಂದು ತುದಿ ಮರೆತರೆ, ಅದು ಮಾತಿಗಿಂತ ಮೊದಲು ಮೌನದಲ್ಲೇ ಗೊತ್ತಾಗುತ್ತದೆ. ಮೌನದ ಬೈಟ್ `D5`ನ್ನು ತಿದ್ದದೆ ನೇರವಾಗಿ ಓದಿದರೆ ಖಂಡ 5, ಮೆಟ್ಟಿಲು 5, ಅಂದರೆ 688 ಮಾನಗಳು ಎಂದಾಗುತ್ತದೆ. ಇನ್ನೊಂದು ಮೌನದ ಬೈಟ್ `55` ಅದೇ ಎತ್ತರದ ಋಣ ಬೆಲೆ ಕೊಡುತ್ತದೆ. ಎ-ಲಾದಲ್ಲಿ ಸೊನ್ನೆ ಎಂಬ ಬೆಲೆಯೇ ಇಲ್ಲ. ಮೌನವು +1 ಮತ್ತು −1ರ ನಡುವೆ ಓಲಾಡುತ್ತದೆ. ಕೇಳಿಸದಷ್ಟು ಚಿಕ್ಕದಾದ ಆ ಓಲಾಟ ಈಗ ±688ರ ಅಬ್ಬರವಾಗುತ್ತದೆ. ಯಾರೂ ಮಾತಾಡದಿದ್ದಾಗ ಭೋರ್ಗರೆತ ಕೇಳಿಸಿದರೆ ಮೊದಲು ಇದನ್ನೇ ಶಂಕಿಸಬೇಕು.

ಎ-ಲಾ ಬೈಟ್‌ಗಳನ್ನು ಮ್ಯೂ-ಲಾ ಎಂದು ಓದಿದಾಗಿನ ಲಕ್ಷಣ ಇದಕ್ಕಿಂತ ಮೃದು, ಹಾಗಾಗಿ ಹೆಚ್ಚು ಮೋಸಗೊಳಿಸುತ್ತದೆ. ಎರಡೂ ಸಂಕೇತಗಳಲ್ಲಿ ಚಿಹ್ನೆ, ಖಂಡ, ಮೆಟ್ಟಿಲುಗಳ ಸ್ಥಾನ ಒಂದೇ. ಆದರೆ ಮ್ಯೂ-ಲಾದಲ್ಲಿ ಎಲ್ಲ ಬಿಟ್‌ಗಳೂ ತಲೆಕೆಳಗು. ಅಲ್ಲಿ ಮೌನ `FF`. ತಪ್ಪಾಗಿ ಓದಿದಾಗ ಮಾತು ಅರ್ಥವಾಗುತ್ತದೆ, ಆದರೆ ಒಡೆದು ಒರಟಾಗಿರುತ್ತದೆ. ಮೌನದಲ್ಲಿ ಬಿಡದ ಸುಯ್‌ಗುಟ್ಟುವಿಕೆ ಇರುತ್ತದೆ. ಇಂಟರ್ನೆಟ್ ದೂರವಾಣಿಯಲ್ಲಿ ಮ್ಯೂ-ಲಾಗೆ `PCMU`, ಸಂಖ್ಯೆ `0`. ಎ-ಲಾಗೆ `PCMA`, ಸಂಖ್ಯೆ `8`. ಕಡತವನ್ನು `xxd`ಯಲ್ಲಿ ತೆರೆದು ಮೌನದ ಭಾಗ ನೋಡಿ: `D5`, `55` ತುಂಬಿದ್ದರೆ ಎ-ಲಾ, `FF`, `7F` ತುಂಬಿದ್ದರೆ ಮ್ಯೂ-ಲಾ. ಎರಡು ಬಗೆಯ ದೇಶಗಳ ನಡುವಿನ ಕರೆಯಲ್ಲಿ ಪರಿವರ್ತನೆಯ ಹೊಣೆ ಮ್ಯೂ-ಲಾ ಬಳಸುವ ದೇಶದ್ದೆಂದು ಶಿಫಾರಸು ಹೇಳುತ್ತದೆ.

ಮಟ್ಟ ಮೀರಿದ್ದನ್ನೂ ಬೈಟ್‌ಗಳೇ ಹೇಳುತ್ತವೆ. ಗರಿಷ್ಠ ಧನ ಸಂಕೇತ `AA`, ಗರಿಷ್ಠ ಋಣ ಸಂಕೇತ `2A`. ಇವು ಅಪರೂಪಕ್ಕೊಮ್ಮೆ ಬಂದರೆ ಚಿಂತೆಯಿಲ್ಲ. ಮೂರು ನಾಲ್ಕು ಸಾಲಾಗಿ ಬರುತ್ತಿದ್ದರೆ ಅಲೆಯ ತಲೆ ಕತ್ತರಿಸಿಹೋಗುತ್ತಿದೆ ಎಂದರ್ಥ. ಆಗ ಸಂಕೇತ ಮಾಡುವ ಮೊದಲೇ ಮಟ್ಟವನ್ನು ತಗ್ಗಿಸಬೇಕು, ಆಮೇಲೆ ತಗ್ಗಿಸಿ ಪ್ರಯೋಜನವಿಲ್ಲ.

ಇನ್ನೊಂದು ತಪ್ಪು ಅಂಕಗಣಿತದ್ದು. ಎ-ಲಾ ಬೈಟ್ ಒಂದು ಸಂಖ್ಯೆಯಲ್ಲ, ಸಂಕೇತ. ಮೂವರ ಸಮ್ಮೇಳನ ಕರೆಯಲ್ಲಿ ಎರಡು ದನಿಗಳನ್ನು ಕೂಡಿಸಬೇಕಾದಾಗ ಬೈಟ್‌ಗಳನ್ನು ನೇರವಾಗಿ ಕೂಡಿಸಿದರೆ ಅರ್ಥಹೀನ ಸದ್ದು ಬರುತ್ತದೆ. ಎರಡನ್ನೂ ಹಿಗ್ಗಿಸಿ ಮೂಲ ಬೆಲೆಗೆ ತಂದು, ಕೂಡಿಸಿ, ಮೊತ್ತ 4095ನ್ನು ಮೀರದಂತೆ ಹಿಡಿದು, ಮತ್ತೆ ಕುಗ್ಗಿಸಬೇಕು. ದನಿಯ ಮಟ್ಟವನ್ನು ಏರಿಸುವುದಕ್ಕೂ ಇಳಿಸುವುದಕ್ಕೂ ಇದೇ ನಿಯಮ. ಪ್ರತಿ ಸಲ ಮತ್ತೆ ಕುಗ್ಗಿಸಿದಾಗ ಹೊಸ ಕ್ವಾಂಟೀಕರಣ ಗದ್ದಲ ಸೇರುತ್ತದೆ. ಸಮಪ್ರಮಾಣದ ಎರಡು ಗದ್ದಲಗಳು ಕೂಡಿದರೆ ಅನುಪಾತ 3 ಡೆಸಿಬೆಲ್ ಕುಸಿಯುತ್ತದೆ. ಏನನ್ನೂ ಬದಲಿಸದೆ ಹಿಗ್ಗಿಸಿ ಕುಗ್ಗಿಸಿದರೆ ಮಾತ್ರ ಅದೇ ಬೈಟ್ ಮರಳಿ ಬರುತ್ತದೆ, ಏಕೆಂದರೆ ನಡುಬೆಲೆ ತನ್ನ ಮೆಟ್ಟಿಲಿನಲ್ಲೇ ಬೀಳುತ್ತದೆ. ಮೇಲಿನ ಪ್ರೋಗ್ರಾಮನ್ನು ಪರೀಕ್ಷಿಸಲು ಇದೇ ಉಪಾಯ: 0ರಿಂದ 255ರವರೆಗಿನ ಪ್ರತಿ `b`ಗೂ `encode(decode(b))` ಎಂಬುದು `b` ಆಗಿಯೇ ಬರಬೇಕು.

ಕೊನೆಗೆ, ಗದ್ದಲವನ್ನು ಅಳೆಯಲು 1000 ಹರ್ಟ್ಜ್‌ನ ಸ್ವರವನ್ನು ಬಳಸಬಾರದು. ನಾವು ಕಂಡಂತೆ ಅದು 256ರಲ್ಲಿ ನಾಲ್ಕೇ ಸಂಕೇತಗಳನ್ನು ಮುಟ್ಟುತ್ತದೆ. ಆ ನಾಲ್ಕರ ದೋಷ ಪ್ರತಿ ಮಿಲಿಸೆಕೆಂಡಿಗೂ ಹಾಗೆಯೇ ಮರುಕಳಿಸುವುದರಿಂದ, ಉಳಿದ ಮೆಟ್ಟಿಲುಗಳಲ್ಲಿ ಎಂಥ ದೋಷವಿದ್ದರೂ ಅಳತೆಗೆ ಸಿಗುವುದಿಲ್ಲ. ಆದ್ದರಿಂದ ಪಿಸಿಎಂ ಜಾಲಗಳ ಗುಣಮಟ್ಟ ಅಳೆಯುವವರು 1020 ಹರ್ಟ್ಜ್‌ನಂತಹ, 8000ವನ್ನು ನಿಶ್ಶೇಷವಾಗಿ ಭಾಗಿಸದ ಆವರ್ತನವನ್ನು ಆರಿಸಿಕೊಳ್ಳುತ್ತಾರೆ. ಅದರ ಮಾದರಿಗಳು ಪ್ರತಿ ಆವರ್ತದಲ್ಲೂ ಅಲೆಯ ಬೇರೆ ಬೇರೆ ಬಿಂದುಗಳ ಮೇಲೆ ಬೀಳುತ್ತ, ಸ್ವಲ್ಪವೇ ಕಾಲದಲ್ಲಿ ಶಿಖರದವರೆಗಿನ ಖಂಡಗಳನ್ನೆಲ್ಲ ಹಾದುಹೋಗುತ್ತವೆ. ಮೇಲಿನ ಎರಡು ಕ್ರಿಯೆಗಳಿಗೆ ಒಂದು ಸೆಕೆಂಡಿನಷ್ಟು 1020 ಹರ್ಟ್ಜ್ ಸ್ವರವನ್ನು ಕೊಟ್ಟು, ಶಿಖರವನ್ನು 2853ರಿಂದ 28.5ರವರೆಗೆ ಹಂತಹಂತವಾಗಿ ಇಳಿಸುತ್ತ, ಪ್ರತಿ ಮಟ್ಟದಲ್ಲೂ ಅನುಪಾತ ಬರೆದುಕೊಳ್ಳಿ. ತಗ್ಗಿದ ಮಟ್ಟಗಳಲ್ಲಿ ದಶಮಾಂಶವನ್ನು ಕತ್ತರಿಸಿಹಾಕಿದರೂ, −1ಕ್ಕೂ ಸೊನ್ನೆಗೂ ನಡುವಿನ ಬೆಲೆಗಳನ್ನು ಬಿಟ್ಟರೆ, ಮೆಟ್ಟಿಲು ಬದಲಾಗದು, ಏಕೆಂದರೆ ಮೆಟ್ಟಿಲುಗಳ ಅಂಚುಗಳೆಲ್ಲ ಪೂರ್ಣಾಂಕಗಳ ಮೇಲಿವೆ. ಆದರೆ ಋಣ ಬೆಲೆಯ ದಶಮಾಂಶವನ್ನೂ ಸೊನ್ನೆಯ ಕಡೆಗೇ ಕತ್ತರಿಸಬೇಕು, ಮತ್ತು ದೋಷವನ್ನು ಕತ್ತರಿಸುವ ಮೊದಲಿನ ಬೆಲೆಯೊಂದಿಗೆ ಹೋಲಿಸಿ ತೆಗೆಯಬೇಕು. ಆರಂಭದಲ್ಲಿ 38 ಡೆಸಿಬೆಲ್ ಆಸುಪಾಸಿನಲ್ಲಿ ಅಲೆಯಾಡುವ ಅನುಪಾತ, ಶಿಖರ ಖಂಡ 1ರೊಳಕ್ಕೆ ಇಳಿದ ಮೇಲೆ, ಮಟ್ಟ ಇಳಿದಷ್ಟೇ ಇಳಿಯತೊಡಗುತ್ತದೆ. ಹಾಗೆ ಕಾಣದೆ ನಡುವೆ ಎಲ್ಲಾದರೂ ಹಠಾತ್ತನೆ ಕುಸಿದರೆ, ಆ ಎತ್ತರದ ಖಂಡದ ಲೆಕ್ಕವನ್ನು ಮೇಲಿನ ಕೋಷ್ಟಕದೊಂದಿಗೆ ತಾಳೆ ನೋಡಬೇಕು.